ಗಾರ್ಬಲ್ ಗೋದಾಮಿನಲ್ಲಿ ‘ಬೇಕಾದವರು’ ಎಂಬ ಮಾತು ನಿಂತದ್ದು

ಮೇಲಿನವನಿಗೂ ಅವನ ಕೈಕೆಳಗಿನ ಒಬ್ಬೊಬ್ಬರಿಗೂ ಇರುವ ಸಂಬಂಧ ಹೇಗಿದೆ ಎಂದು ನೋಡುವ ಸಿದ್ಧಾಂತಕ್ಕೆ ಎಲ್‌ಎಂಎಕ್ಸ್ ಎನ್ನುತ್ತಾರೆ. ಅಡಿಕೆ ಗೋದಾಮಿಗೆ ಅದು ಯಾಕೆ ಎಂದು ನಕ್ಕವರು ಬದಿಯಡ್ಕದಿಂದ ಮುಳ್ಳೇರಿಯದವರೆಗೆ ಇದ್ದಾರೆ. ಎರಡು ಹಂಗಾಮು ಕಳೆಯಿತು. ಈಗ ಅವರಲ್ಲೇ ಇಬ್ಬರು ನಮ್ಮ ಪುಸ್ತಕ ನೋಡಿ ಹೋಗಿದ್ದಾರೆ.

ನಮ್ಮಲ್ಲಿ ಕೆಲಸಕ್ಕೆ 14 ಮಂದಿ. ಆರು ಮಂದಿಯದು ಕನ್ನಡ-ತುಳು, ಐವರದು ಮಲಯಾಳ, ಮೂವರು ಅಸ್ಸಾಮಿನವರು. ಮ್ಯಾನೇಜರನ ಸುತ್ತ ನಾಲ್ವರ ಬಳಗವೊಂದಿತ್ತು, ನಾಲ್ವರೂ ತುಳು ಮಾತಾಡುವವರು. ಜಾತಿ, ಊರು ಎಂದು ಆಡಿಕೊಳ್ಳುತ್ತಿದ್ದರು. ನಿಜವಾದ ಕಾರಣ ಅವಸರ. ಸಂಜೆ ನಾಲ್ಕಕ್ಕೆ ಲಾರಿ ಬಂದಾಗ ಅರ್ಧ ಮಾತಿಗೆ ಅರ್ಥ ಮಾಡಿಕೊಳ್ಳುವವನನ್ನೇ ಕರೆಯುತ್ತೇವೆ. ಅವನು ತೂಕ ಕಲಿಯುತ್ತಾನೆ, ಲೆಕ್ಕ ಕಲಿಯುತ್ತಾನೆ, ಓವರ್‌ಟೈಮೂ ಅವನಿಗೇ. ಕರೆಯದೆ ಬಿಟ್ಟವನಿಗೆ ಕಲಿಯಲು ಏನೂ ಸಿಗುವುದಿಲ್ಲ. ಮೂರು ತಿಂಗಳಲ್ಲಿ ‘ಇವನಿಂದ ಆಗದು’ ಎಂಬ ಮಾತು ನಿಜವೇ ಆಗಿರುತ್ತದೆ. 1975ರಲ್ಲಿ ಎಲ್‌ಎಂಎಕ್ಸ್ ಸಂಶೋಧಕ ಗ್ರೇನ್ ಮತ್ತು ಜೊತೆಯವರು ಹೇಳಿದ ಒಳಗುಂಪು ಹುಟ್ಟುವುದು ಹೀಗೆ.

ಮೊದಲು ಮಾಡಿದ್ದು ಎಲ್ಲರಿಗೂ ಸರದಿ. ವಾರಕ್ಕೊಬ್ಬರಂತೆ ಗಾರ್ಬಲ್ ಮೇಜಿಗೆ, ಅಂದರೆ ಅಡಿಕೆ ಹೆಕ್ಕಿ ದರ್ಜೆ ಬೇರೆ ಮಾಡುವಲ್ಲಿಗೆ, ಕೂರಿಸಿದೆವು. ಹೊಸ ಅಡಿಕೆಯ ಗೋಣಿಯೊಳಗೆ ಪಟೋರ, ಕರಿಗೋಟಿನಂಥ ಕಡಿಮೆ ದರ್ಜೆಯ ಅಡಿಕೆ ಸೇರಿ ಹೋಯಿತು. ಸುಮಾರು 10 ಕ್ವಿಂಟಲಿಗೆ ಕಿಲೋಗೆ 20 ರೂಪಾಯಿಯಂತೆ ದರ ಮುರಿದರು. 20,000 ಹೋಯಿತು, ಅದರೊಂದಿಗೆ ಒಳ್ಳೆಯ ಗಾರ್ಬಲಿನವಳೊಬ್ಬಳು ಮುನಿಸಿಕೊಂಡು ಹೋದಳು. ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರೆ ಕೆಲಸ ಬಲ್ಲವರಿಗೆ ಅದೇ ಅನ್ಯಾಯ.

ಆಮೇಲೆ ಹಿಡಿದದ್ದು ಗೆರೆ ಹಾಕಿದ ಒಂದು ಪುಸ್ತಕ. ಆರು ವಾರ ನಾಲ್ಕೇ ಕಾಲಂ ಬರೆದೆವು: ಓವರ್‌ಟೈಮ್, ಆ ದಿನವೇ ಕೇಳಿದ ರಜೆ, ಮುಂಗಡ ಹಣ, ಹೊಣೆಯ ಕೆಲಸ. ಯಾರಿಗೂ ಸುದ್ದಿ ಕೊಡಲಿಲ್ಲ. 40 ಓವರ್‌ಟೈಮಿನಲ್ಲಿ 29 ಅದೇ ನಾಲ್ವರಿಗೆ ಹೋಗಿತ್ತು, ಮ್ಯಾನೇಜರ್ ತಾನೇ ನಂಬಲಿಲ್ಲ. ಮುಂಗಡವನ್ನು ಯಾರಿಗೂ ಇಲ್ಲ ಎಂದಿರಲಿಲ್ಲ, ಆದರೆ ಅಸ್ಸಾಮಿನ ಮೂವರು ಒಮ್ಮೆಯೂ ಕೇಳಿರಲಿಲ್ಲ. ಕೇಳಿದರೆ ಕೊಡುತ್ತೇವೆ ಎನ್ನುವುದು ಕೇಳುವ ಧೈರ್ಯ ಇದ್ದವರಿಗಷ್ಟೇ ಉಪಯೋಗ.

ಹಾಗಾಗಿ ಆ ನಾಲ್ಕನ್ನು ಎರಡಾಗಿ ಒಡೆದೆವು. ಮೊದಲ ಮೂರು ನಿಯಮಕ್ಕೆ ಸೇರಿದವು. ಓವರ್‌ಟೈಮಿನ ಸರದಿಯೂ ಮುಂಗಡದ ಮಿತಿಯೂ ಕನ್ನಡ, ಮಲಯಾಳ, ಹಿಂದಿಯಲ್ಲಿ ಗೋಡೆಗೆ ಹೋದವು. ಹೊಣೆಯ ಕೆಲಸ ಮಾತ್ರ ಕೈಯ ನೈಪುಣ್ಯಕ್ಕೆ ಬಿಟ್ಟದ್ದು. ಅದಕ್ಕೊಂದು ಬಟ್ಟಲು ಪರೀಕ್ಷೆ: ಒಳ್ಳೆಯ ಅಡಿಕೆಯ ರಾಶಿಗೆ ಎಣಿಸಿದ 100 ಪಟೋರ ಬೆರೆಸಿ, ಎಷ್ಟು ಹೆಕ್ಕುತ್ತಾರೆ ನೋಡುವುದು. ಮೂರು ಸಲದಲ್ಲಿ ಎರಡು ಸಲ 95 ದಾಟಿದರೆ ಮೇಜು ಅವರದು. ಪರೀಕ್ಷೆಗೆ ಮೊದಲು ಪ್ರತಿಯೊಬ್ಬರಿಗೂ ಎರಡು ಅರ್ಧ ದಿನ ಕಲಿಸಬೇಕು. ಇದನ್ನು ಬಿಟ್ಟರೆ ಪರೀಕ್ಷೆಯಲ್ಲಿ ಗೆಲ್ಲುವುದು ಹಳೆಯ ಬಳಗವೇ. 1984ರಲ್ಲಿ ಸ್ಕ್ಯಾಂಡುರಾ ಮತ್ತು ಗ್ರೇನ್ ತೋರಿಸಿದ್ದೂ ಇದನ್ನೇ. ಎಲ್ಲರಿಗೂ ಅವಕಾಶ ಕೊಡಬೇಕೆಂದು ಮೇಲಿನವರಿಗೆ ತರಬೇತಿ ಕೊಟ್ಟಾಗ ಹೆಚ್ಚು ಲಾಭವಾದದ್ದು ಮೊದಲು ದೂರ ಇದ್ದವರಿಗೆ. ನಮ್ಮಲ್ಲಿ ಎರಡು ವರ್ಷ ಬರೀ ಗೋಣಿ ಹೊತ್ತ ಅಸ್ಸಾಮಿನ ಹುಡುಗ 97 ಹೆಕ್ಕಿದ.

ಕೆಡುವುದು ಹಳೆಯ ಬಳಗದ ಕಡೆಯಿಂದ. ಬೋರ್ಡು ನೋಡಿ ಸುದ್ದಿ ತಿಳಿದರೆ ಇಳಿಸಿದರು ಎಂದುಕೊಳ್ಳುತ್ತಾರೆ. ಅವರಿಗೆ ಮುಂಚೆಯೇ ಹೇಳಿ, ಕಲಿಸುವ ಕೆಲಸಕ್ಕೆ ದಿನಕ್ಕೆ 100 ರೂಪಾಯಿ ಹೆಚ್ಚು ಕೊಟ್ಟೆವು. ಯಾವ ಹೊತ್ತಿಗೆ, ಯಾರಿಗೆ ಮೊದಲು ಹೇಳಿದೆವು ಎಂಬುದು ನಮ್ಮ ಕೈಚಳಕ, ಅದನ್ನು ಇಲ್ಲಿ ಬರೆಯುವುದಿಲ್ಲ. ಇನ್ನು ಚಹಾ, ಹರಟೆಗೆ ನಿಯಮ ಹಾಕಲಾಗದು. ಬೆಳಿಗ್ಗೆ ಮ್ಯಾನೇಜರ್ ಮೊದಲು ನಿಲ್ಲುವ ಮೇಜನ್ನು ದಿನವೂ ಬದಲಿಸಿದ್ದೇ ಸಾಕಾಯಿತು.

ನಡುವೆ ಎಲ್‌ಎಂಎಕ್ಸ್-7ರ ಏಳು ಪ್ರಶ್ನೆಗಳನ್ನೂ ಕೇಳಿ ನೋಡಿದೆವು, 35ಕ್ಕೆ ಲೆಕ್ಕ. ಮ್ಯಾನೇಜರ್ ಎದುರು ಕೂತು ಕೇಳಿದಾಗ ಎಲ್ಲರೂ 30ರ ಮೇಲೆ. ಹೆಸರಿಲ್ಲದ ಚೀಟಿಯನ್ನು ಡಬ್ಬಿಗೆ ಹಾಕಿಸಿದಾಗ ಕೆಳಗಿನದು 13, ಮೇಲಿನದು 31. ಮ್ಯಾನೇಜರ್ ತನಗೆ ತಾನೇ ಎಲ್ಲರ ಮಟ್ಟಿಗೂ 28 ಹಾಕಿಕೊಂಡಿದ್ದ. ಮೇಲಿನವನೂ ಕೆಳಗಿನವನೂ ತಮ್ಮ ಸಂಬಂಧವನ್ನು ಒಂದೇ ರೀತಿ ಅಳೆಯುವುದು ಕಡಿಮೆ, ಆದ್ದರಿಂದ ಆ 28ನ್ನು ಬದಿಗಿಟ್ಟೆವು. ಹಂಗಾಮಿನ ಕೊನೆಗೆ ಮತ್ತೆ ಚೀಟಿ ಹಾಕಿಸಿದಾಗ ಕೆಳಗಿನದು 21ಕ್ಕೆ ಬಂದಿತ್ತು.

ಈ ವರ್ಷ ಮಾಲೀಕರ ಸೋದರಳಿಯ ನೇರ ಗಾರ್ಬಲ್ ಮೇಜಿಗೆ ಬಂದು ಕೂತ. ಅವನ ಮುಂದೆಯೂ ಬಟ್ಟಲು ಇಟ್ಟೆವು. 81. ಈಗ ಗೋಣಿ ಹೊಲಿಯುತ್ತಿದ್ದಾನೆ.