ವರ್ಷದ ಹಣ ಒಮ್ಮೆಗೇ ಬಂತು, ಆದಾಯ ಯಾವಾಗ ಬಂತು?

ಚಿಕ್ಕದೊಂದು ಸಾಫ್ಟ್‌ವೇರ್ ಕಂಪನಿಯ ಲೆಕ್ಕಪತ್ರ ನೋಡಿಕೊಳ್ಳಲು ಸೇರಿದಾಗ ಅಲ್ಲಿ ಪದ್ಧತಿ ಬಹಳ ಸರಳವಾಗಿತ್ತು. ಗ್ರಾಹಕರು ವರ್ಷದ ಸಬ್‌ಸ್ಕ್ರಿಪ್ಷನ್ ಹಣ ಕಟ್ಟಿದ ದಿನವೇ ಅಷ್ಟೂ ಹಣವನ್ನು ಆದಾಯ ಅಂತ ಬರೆದುಬಿಡುತ್ತಿದ್ದರು. ಹೆಚ್ಚು ಜನ ನವೀಕರಿಸುವ ತಿಂಗಳಲ್ಲಿ ದೊಡ್ಡ ಲಾಭ ಕಾಣುತ್ತಿತ್ತು. ಮುಂದಿನ ಮೂರು ತಿಂಗಳು ನಷ್ಟ. ಕೆಲಸ ಮಾತ್ರ ಎಲ್ಲ ತಿಂಗಳೂ ಒಂದೇ ಸಮ ನಡೆಯುತ್ತಿತ್ತು. ನಾನು ಇದನ್ನು ಬದಲಿಸಲು ಹೊರಟಾಗ ಮಾರಾಟದ ವಿಭಾಗದವರು ಕೇಳಿದರು: "ದುಡ್ಡು ಬ್ಯಾಂಕಿಗೆ ಬಂದಾಯ್ತಲ್ಲ ಮೇಡಂ, ಇನ್ನೇನು ಬಾಕಿ?"

ಬಾಕಿ ಇರುವುದು ಸೇವೆ. ಹಣ ಬಂದ ದಿನ ನಾವು ಇನ್ನೂ ಏನೂ ಕೊಟ್ಟಿರುವುದಿಲ್ಲ. ಒಂದು ವರ್ಷ ಸಾಫ್ಟ್‌ವೇರ್ ತೆರೆದಿಡುತ್ತೇವೆ ಎಂದು ಮಾತು ಕೊಟ್ಟಿರುತ್ತೇವೆ, ಅಷ್ಟೇ. ಹಾಗಾಗಿ ಆ ಹಣ ಮೊದಲು ನಮ್ಮ ಮೇಲಿನ ಹೊಣೆ. ಬ್ಯಾಲೆನ್ಸ್ ಶೀಟ್‌ನಲ್ಲಿ ಅದು ಸಾಲದ ಬದಿಗೆ ಹೋಗಿ ಕೂರುತ್ತದೆ. ನಾವೆಲ್ಲ ಅದನ್ನು ಡಿಫರ್ಡ್ ರೆವೆನ್ಯೂ ಅನ್ನುತ್ತೇವೆ. ಆದಾಯದ ಲೆಕ್ಕಕ್ಕಿರುವ ಅಂತರರಾಷ್ಟ್ರೀಯ ಮಾನದಂಡ ಐಎಫ್‌ಆರ್‌ಎಸ್ 15 ಅದನ್ನು ಕಾಂಟ್ರ್ಯಾಕ್ಟ್ ಲಯಬಿಲಿಟಿ ಅನ್ನುತ್ತದೆ. ದಿನ ಕಳೆದಂತೆ ಹೊಣೆ ಕರಗುತ್ತದೆ, ಕರಗಿದಷ್ಟು ಆದಾಯವಾಗುತ್ತದೆ.

ಇಷ್ಟು ನನಗೆ ಮೊದಲೇ ಗೊತ್ತಿತ್ತು. ಆದರೂ ಮೊದಲ ವರ್ಷ ತಪ್ಪು ಮಾಡಿದೆ. ಇನ್ವಾಯ್ಸ್ ಮೊತ್ತವನ್ನು 12ರಿಂದ ಭಾಗಿಸಿ, ಹಣ ಬಂದ ತಿಂಗಳಿನಿಂದಲೇ ತಿಂಗಳಿಗೊಂದು ಪಾಲು ಆದಾಯಕ್ಕೆ ಹಾಕಿದೆ. ಲೆಡ್ಜರ್ ಅಚ್ಚುಕಟ್ಟಾಗಿ ಕಾಣುತ್ತಿತ್ತು. ಆಡಿಟರ್ ಬಂದು ಒಂದು ಇನ್ವಾಯ್ಸ್ ಕೈಗೆತ್ತಿಕೊಂಡು ಒಂದೇ ಪ್ರಶ್ನೆ ಕೇಳಿದರು: "ಇವರಿಗೆ ಲಾಗಿನ್ ಯಾವತ್ತು ಕೊಟ್ಟಿರಿ?"

ಆ ಇನ್ವಾಯ್ಸನ್ನೇ ಇಲ್ಲಿ ಪೂರ್ತಿ ಬಿಡಿಸುತ್ತೇನೆ. ಲೆಕ್ಕ ಸುಲಭವಾಗಲಿ ಅಂತ ಮೊತ್ತವನ್ನು ಮಾತ್ರ ಬದಲಿಸಿದ್ದೇನೆ. 10 ಬಳಕೆದಾರರಿಗೆ ಒಂದು ವರ್ಷದ ಶುಲ್ಕ, ತೆರಿಗೆ ಬಿಟ್ಟು 36,500. ತೆರಿಗೆಯನ್ನು ಬಿಟ್ಟೇ ಲೆಕ್ಕ ಹಾಕಬೇಕು, ಅದು ಸರ್ಕಾರದ ಪರವಾಗಿ ವಸೂಲು ಮಾಡಿದ ಹಣ, ಯಾವತ್ತೂ ನಮ್ಮ ಆದಾಯವಲ್ಲ. ಹಣ ಬಂದದ್ದು ಫೆಬ್ರವರಿ 26ಕ್ಕೆ. ಗ್ರಾಹಕರ ಖಾತೆ ತೆರೆದು ಲಾಗಿನ್ ಕೊಟ್ಟದ್ದು ಮಾರ್ಚ್ 12ಕ್ಕೆ. ಒಪ್ಪಂದದ ಪ್ರಕಾರ ಸೇವೆಯ ಅವಧಿ ಮಾರ್ಚ್ 12ರಿಂದ ಮುಂದಿನ ಮಾರ್ಚ್ 11ರವರೆಗೆ, ಒಟ್ಟು 365 ದಿನ.

ನಾನು ಫೆಬ್ರವರಿಗೆ 3,041.67, ಮಾರ್ಚ್‌ಗೆ 3,041.67 ಆದಾಯ ಹಾಕಿದ್ದೆ. ಆದರೆ ಫೆಬ್ರವರಿಯಲ್ಲಿ ಈ ಗ್ರಾಹಕರು ಸಾಫ್ಟ್‌ವೇರ್‌ನ ಮುಖವನ್ನೇ ನೋಡಿರಲಿಲ್ಲ. ಆ ತಿಂಗಳ ಆದಾಯ ಸೊನ್ನೆ. ಮಾರ್ಚ್‌ನಲ್ಲಿ 12ರಿಂದ 31ರವರೆಗೆ 20 ದಿನ. ದಿನಕ್ಕೆ 100ರಂತೆ 2,000. ಅಂದರೆ ಮಾರ್ಚ್ ಕೊನೆಗೆ 2,000 ಇರಬೇಕಾದ ಜಾಗದಲ್ಲಿ 6,083 ಇತ್ತು. ಒಬ್ಬ ಗ್ರಾಹಕರದ್ದಾದರೆ ಚಿಕ್ಕ ಮೊತ್ತ ಅನ್ನಬಹುದು. ಆದರೆ ನಾನು ಎಲ್ಲ ಗ್ರಾಹಕರಿಗೂ ಹೀಗೇ ಮಾಡಿದ್ದೆ, ಮತ್ತು ಎಲ್ಲರದ್ದೂ ಒಂದೇ ದಿಕ್ಕಿಗೆ ತಪ್ಪಾಗಿತ್ತು. ಒಬ್ಬರದ್ದು ಇನ್ನೊಬ್ಬರದ್ದನ್ನು ಸರಿದೂಗಿಸುವ ಹಾಗೂ ಇರಲಿಲ್ಲ.

ಆಮೇಲೆ ನಾನು ಹಣ ಬಂದ ತಾರೀಕನ್ನು ಆದಾಯದ ಲೆಕ್ಕದಿಂದ ಪೂರ್ತಿ ಹೊರಗಿಟ್ಟೆ. ಅದು ಬ್ಯಾಂಕ್ ಎಂಟ್ರಿಗೆ ಮಾತ್ರ ಬೇಕು. ಹಣ ಬಂದ ದಿನ ಬ್ಯಾಂಕ್ ಖಾತೆಗೆ ಡೆಬಿಟ್, ಡಿಫರ್ಡ್ ರೆವೆನ್ಯೂಗೆ ಕ್ರೆಡಿಟ್. ತಿಂಗಳ ಕೊನೆಗೆ ಆ ತಿಂಗಳ ಪಾಲಿನಷ್ಟು ಡಿಫರ್ಡ್ ರೆವೆನ್ಯೂಗೆ ಡೆಬಿಟ್, ಆದಾಯಕ್ಕೆ ಕ್ರೆಡಿಟ್. ಜರ್ನಲ್ ಎಂಟ್ರಿ ಇಷ್ಟೇ. ಕಷ್ಟ ಇರುವುದು ಆ ಪಾಲನ್ನು ನಂಬುವ ಹಾಗೆ ಲೆಕ್ಕ ಹಾಕುವುದರಲ್ಲಿ.

ಅದಕ್ಕೆ ಒಂದು ಶೀಟ್ ಮಾಡಿಕೊಂಡೆ. ಪ್ರತಿ ಇನ್ವಾಯ್ಸ್‌ಗೂ ಒಂದು ಸಾಲು. A ಕಾಲಂನಲ್ಲಿ ಸೇವೆ ಶುರುವಾಗುವ ದಿನ, Bಯಲ್ಲಿ ಮುಗಿಯುವ ದಿನ, Cಯಲ್ಲಿ ತೆರಿಗೆ ಬಿಟ್ಟ ಮೊತ್ತ. F ಕಾಲಂನಿಂದ ಬಲಕ್ಕೆ ತಿಂಗಳುಗಳು, ಮೊದಲ ಸಾಲಿನಲ್ಲಿ ಆಯಾ ತಿಂಗಳ 1ನೇ ತಾರೀಕು. ಶುರುವಿನಲ್ಲಿ ನಾನು ನೇರವಾಗಿ ಆ ತಿಂಗಳ ಪಾಲನ್ನೇ ಲೆಕ್ಕ ಹಾಕುತ್ತಿದ್ದೆ. ಪೈಸೆಗಳು ಹೆಚ್ಚುಕಮ್ಮಿಯಾಗಿ ಅವಧಿ ಮುಗಿದ ಮೇಲೂ ಸಾಲಿನಲ್ಲಿ 0.04 ತರಹದ ಚೂರು ಉಳಿಯುತ್ತಿತ್ತು. 3,041.67ನ್ನು 12 ಸಲ ಕೂಡಿಸಿದರೆ 36,500.04 ಆಗುತ್ತದೆ, ನೋಡಿ. ಅದಕ್ಕೆ ಲೆಕ್ಕವನ್ನು ತಿರುಗಿಸಿದೆ. ಈ ತಿಂಗಳ ಕೊನೆಯವರೆಗೆ ಒಟ್ಟು ಎಷ್ಟು ಆದಾಯ ಆಗಿರಬೇಕು ಎಂಬುದನ್ನು ಮೊದಲು ತೆಗೆಯುತ್ತೇನೆ:

```
=ROUND($C2*MAX(0,MIN($B2,EOMONTH(F$1,0))-$A2+1)/($B2-$A2+1),2)
```

ಇದರಲ್ಲಿ ಹಿಂದಿನ ತಿಂಗಳ ಒಟ್ಟು ಮೊತ್ತ ಕಳೆದರೆ ಈ ತಿಂಗಳ ಪಾಲು ಸಿಗುತ್ತದೆ. ಸೇವೆ ಶುರುವಾಗದಿದ್ದರೆ `MAX` ಸೊನ್ನೆ ಕೊಡುತ್ತದೆ. ಅವಧಿ ಮುಗಿದ ಮೇಲೆ `MIN` ಕೊನೆಯ ದಿನದಲ್ಲೇ ನಿಲ್ಲಿಸುತ್ತದೆ. ಕೊನೆಯ ತಿಂಗಳಲ್ಲಿ ಒಟ್ಟು ಮೊತ್ತ ತಾನಾಗಿಯೇ Cಗೆ ಸಮ ಬರುತ್ತದೆ, ಚೂರು ಉಳಿಯುವುದಿಲ್ಲ. ಫೆಬ್ರವರಿ 29 ಬಂದ ವರ್ಷ ಅದೇ 366 ದಿನ ಎಣಿಸಿಕೊಳ್ಳುತ್ತದೆ. ಶುರುವಿನ ದಿನ, ಮುಗಿಯುವ ದಿನ ಎರಡನ್ನೂ ಸೇರಿಸಿ ಎಣಿಸಬೇಕು, ಅದಕ್ಕೇ `+1`. ಅದನ್ನು ಒಂದು ಕಡೆ ಮರೆತರೂ ಇಡೀ ಶೀಟ್ ಒಂದು ದಿನ ಜಾರುತ್ತದೆ.

ದಿನದ ಲೆಕ್ಕವೇ ಬೇಕು ಅಂತ ಕಡ್ಡಾಯವೇನಿಲ್ಲ. ಮೊದಲ ತಿಂಗಳಿಗೆ ಅರ್ಧ ಪಾಲು ಹಾಕುವವರೂ ಇದ್ದಾರೆ. ವ್ಯತ್ಯಾಸ ಗಣನೀಯವಾಗದೆ, ವರ್ಷವರ್ಷವೂ ಒಂದೇ ರೀತಿ ಮಾಡಿದರೆ ಅದೂ ನಡೆಯುತ್ತದೆ. ನನಗೆ ದಿನದ ಲೆಕ್ಕ ಇಷ್ಟವಾದದ್ದು, ಯಾರಾದರೂ "ಈ ಅಂಕಿ ಎಲ್ಲಿಂದ ಬಂತು" ಎಂದು ಕೇಳಿದರೆ ದಿನ ಎಣಿಸಿ ತೋರಿಸಬಹುದು ಎಂಬ ಕಾರಣಕ್ಕೆ.

ನಮ್ಮ ಗ್ರಾಹಕರಿಗೆ ಹಿಂತಿರುಗೋಣ. ಅವರು ಸೆಪ್ಟೆಂಬರ್ 1ರಿಂದ ಇನ್ನೂ 5 ಬಳಕೆದಾರರನ್ನು ಸೇರಿಸಿಕೊಂಡರು. ದರ ಮೊದಲಿನದೇ, ಒಬ್ಬರಿಗೆ ದಿನಕ್ಕೆ 10. ಅವಧಿ ಮಾತ್ರ ಹಳೆಯ ಒಪ್ಪಂದದ ಜೊತೆಗೇ ಮಾರ್ಚ್ 11ಕ್ಕೆ ಮುಗಿಯುತ್ತದೆ. ಸೆಪ್ಟೆಂಬರ್ 1ರಿಂದ ಅಲ್ಲಿಗೆ 192 ದಿನ, ದಿನಕ್ಕೆ 50ರಂತೆ 9,600 ಕಟ್ಟಿದರು. ಹೊಸ ಬಳಕೆದಾರರಿಗೆ ನಾವು ಬೇರೆ ಯಾರಿಗಾದರೂ ಮಾರುವ ದರವನ್ನೇ ಹಾಕಿದ್ದರಿಂದ ಇದನ್ನು ಬೇರೆಯೇ ಒಪ್ಪಂದ ಎಂದು ನೋಡಬಹುದು. ಹಳೆಯ ಸಾಲನ್ನು ಮುಟ್ಟುವ ಹಾಗಿಲ್ಲ, ಕೆಳಗೆ ಹೊಸ ಸಾಲು ಸೇರಿಸಿದರಾಯಿತು. ಹಳೆಯ ದರವನ್ನೂ ಸೇರಿಸಿ ಬೆಲೆ ಮಾತಾಡಿಕೊಂಡಿದ್ದರೆ, ಉಳಿದ ಹಳೆಯ ಹಣ ಮತ್ತು ಹೊಸ ಹಣ ಎರಡನ್ನೂ ಒಟ್ಟು ಮಾಡಿ ಉಳಿದ ದಿನಗಳಿಗೆ ಹಂಚಬೇಕಾಗುತ್ತಿತ್ತು.

ಇಲ್ಲೇ ನಮ್ಮಲ್ಲಿ ಇನ್ನೊಂದು ಎಡವಟ್ಟಾಯಿತು. ಬಿಲ್ಲಿಂಗ್ ಸಾಫ್ಟ್‌ವೇರ್‌ನಿಂದ ಬಂದ ಫೈಲ್‌ನಲ್ಲಿ ಪ್ಲಾನ್ "ವಾರ್ಷಿಕ" ಎಂದಿತ್ತು. ನನ್ನ ಸಹೋದ್ಯೋಗಿ ಸಹಜವಾಗಿಯೇ 9,600ನ್ನು ಸೆಪ್ಟೆಂಬರ್ 1ರಿಂದ 365 ದಿನಕ್ಕೆ ಹಂಚಿದರು. ತಿಂಗಳು ತಿಂಗಳು ಏನೂ ವಿಚಿತ್ರ ಕಾಣಲಿಲ್ಲ. ಮಾರ್ಚ್ 11ಕ್ಕೆ ಸೇವೆ ಮುಗಿದಾಗ ಸುಮಾರು 4,550 ಇನ್ನೂ ಹೊಣೆಯಲ್ಲಿ ಕೂತಿತ್ತು. ಯಾರಿಗೂ ಕೊಡಬೇಕಿಲ್ಲದ ಸೇವೆಗೆ ಹೊಣೆ! ನವೀಕರಣದ ಸಾಲು ಹಾಕುವಾಗ ಅದೇ ಗ್ರಾಹಕರ ಹಳೆಯ ಬಾಕಿ ಕಂಡು ಸಿಕ್ಕಿಬಿತ್ತು.

ಅವತ್ತಿನಿಂದ ತಿಂಗಳ ಕೊನೆಗೆ ಎರಡು ಪರೀಕ್ಷೆ ಮಾಡದೆ ನಾನು ಕ್ಲೋಸಿಂಗ್ ಮುಗಿಸುವುದಿಲ್ಲ. ಮೊದಲನೆಯದಾಗಿ, ಶೀಟ್‌ನ ಮುಗಿಯುವ ದಿನವನ್ನು ಗ್ರಾಹಕರ ಖಾತೆಯಲ್ಲಿ ಸಾಫ್ಟ್‌ವೇರ್ ತೋರಿಸುವ ಮುಕ್ತಾಯದ ದಿನದ ಜೊತೆ ತಾಳೆ ನೋಡುತ್ತೇನೆ. ಬಿಲ್ಲಿಂಗ್ ಫೈಲ್‌ನ ಮಾತನ್ನು ಸುಮ್ನೆ ನಂಬುವುದಿಲ್ಲ. ಎರಡನೆಯದಾಗಿ, ಎಲ್ಲ ಸಾಲುಗಳಲ್ಲಿ ಉಳಿದ ಮೊತ್ತ ಕೂಡಿಸಿ ಲೆಡ್ಜರ್‌ನ ಡಿಫರ್ಡ್ ರೆವೆನ್ಯೂ ಬಾಕಿಗೆ ಹೋಲಿಸುತ್ತೇನೆ. ಈ ಗ್ರಾಹಕರದ್ದೇ ತೆಗೆದುಕೊಂಡರೆ ಡಿಸೆಂಬರ್ 31ಕ್ಕೆ 70 ದಿನ ಬಾಕಿ. ಹಳೆಯ ಸಾಲಿನಲ್ಲಿ 7,000, ಹೊಸದರಲ್ಲಿ 3,500, ಒಟ್ಟು 10,500 ಇರಬೇಕು. ಶೀಟ್‌ಗೂ ಲೆಡ್ಜರ್‌ಗೂ ವ್ಯತ್ಯಾಸ ಬಂದರೆ ನನ್ನ ಅನುಭವದಲ್ಲಿ ಜಾಸ್ತಿ ಸಲ ಕಾರಣ ಒಂದೇ. ಯಾರೋ ಒಬ್ಬರು ಹಣ ಬಂದಾಗ ಅಭ್ಯಾಸಬಲದಿಂದ ನೇರವಾಗಿ ಆದಾಯಕ್ಕೇ ಹಾಕಿರುತ್ತಾರೆ.

"ಕ್ಯಾನ್ಸಲ್" ಎಂಬ ಪದವೂ ನಮ್ಮನ್ನು ಸ್ವಲ್ಪ ದಿನ ಗೋಳು ಹುಯ್ದುಕೊಂಡಿತು. ಗ್ರಾಹಕರು ಕ್ಯಾನ್ಸಲ್ ಒತ್ತಿದರು ಎಂದರೆ ಸಾಮಾನ್ಯವಾಗಿ ಮುಂದಿನ ವರ್ಷ ನವೀಕರಿಸಬೇಡಿ ಎಂದಷ್ಟೇ ಅರ್ಥ. ಅವಧಿ ಮುಗಿಯುವವರೆಗೆ ಅವರು ಬಳಸುತ್ತಲೇ ಇರುತ್ತಾರೆ, ನಮ್ಮ ಹೊಣೆಯೂ ಇರುತ್ತದೆ. ಸಾಲು ಹಾಗೇ ಮುಂದುವರಿಯಬೇಕು. ಸೇವೆ ಅಲ್ಲೇ ನಿಲ್ಲಿಸಿ ಉಳಿದ ದಿನಗಳ ಹಣ ವಾಪಸ್ ಕೊಟ್ಟರೆ, ಆ ಮೊತ್ತ ಹೊಣೆಯಲ್ಲೂ ಬ್ಯಾಂಕಿನಲ್ಲೂ ಕಡಿಮೆಯಾಗುತ್ತದೆ. ಅದುವರೆಗೆ ಬರೆದ ಆದಾಯವನ್ನು ಮುಟ್ಟಬೇಕಿಲ್ಲ. ಸೇವೆಯೂ ನಿಂತು, ಒಪ್ಪಂದದ ಪ್ರಕಾರ ಹಣವೂ ವಾಪಸ್ ಕೊಡಬೇಕಿಲ್ಲದಿದ್ದರೆ ಮಾತ್ರ ಉಳಿದದ್ದು ಆ ದಿನವೇ ಆದಾಯವಾಗುತ್ತದೆ. ಈ ಮೂರನ್ನೂ ಗುರುತಿಸಲು ಶೀಟ್‌ನಲ್ಲಿ ಸೇವೆ ನಿಜವಾಗಿ ನಿಂತ ದಿನಕ್ಕೆ ಬೇರೆ ಕಾಲಂ ಇಟ್ಟಿದ್ದೇನೆ.

ಒಂದು ಎಚ್ಚರಿಕೆ ಹೇಳಲೇಬೇಕು. ಇದೆಲ್ಲ ನಮ್ಮ ಸರ್ವರ್‌ನಲ್ಲಿ ನಡೆಯುವ, ಗ್ರಾಹಕರು ಲಾಗಿನ್ ಆಗಿ ಬಳಸುವ ಸಾಫ್ಟ್‌ವೇರ್‌ಗೆ ಹೊಂದುವ ಲೆಕ್ಕ. ಅಲ್ಲಿ ನಾವು ಪ್ರತಿದಿನ ಒಂದೇ ಸಮ ಸೇವೆ ಕೊಡುತ್ತಿರುತ್ತೇವೆ. ಗ್ರಾಹಕರು ತಮ್ಮದೇ ಕಂಪ್ಯೂಟರ್‌ನಲ್ಲಿ ಹಾಕಿಕೊಂಡು, ನಮ್ಮ ನೆರವಿಲ್ಲದೆ ಓಡಿಸಬಹುದಾದ ಲೈಸೆನ್ಸ್ ಆದರೆ ಕಥೆ ಬೇರೆ. ಲೈಸೆನ್ಸ್‌ನ ಪಾಲು ಅವರ ಕೈ ಸೇರಿ ಬಳಸುವ ಅವಧಿ ಶುರುವಾದಾಗಲೇ ಆದಾಯ, ಸಪೋರ್ಟ್ ಮತ್ತು ಅಪ್‌ಡೇಟ್‌ನ ಪಾಲು ಮಾತ್ರ ತಿಂಗಳು ತಿಂಗಳು. "ವಾರ್ಷಿಕ ಶುಲ್ಕ" ಎಂಬ ಒಂದೇ ಹೆಸರಿನಲ್ಲಿ ಎರಡೂ ಬರಬಹುದು. ಅದಕ್ಕೆ ಹೊಸ ಬಗೆಯ ಪ್ಲಾನ್ ಬಂದಾಗ ನಾನು ಇನ್ವಾಯ್ಸ್ ಬಿಟ್ಟು ಒಪ್ಪಂದವನ್ನೇ ತೆಗೆದು ಓದುತ್ತೇನೆ.

ಆ ಗ್ರಾಹಕರು ಮಾರ್ಚ್ 2ಕ್ಕೇ ಮುಂದಿನ ವರ್ಷದ ಹಣ ಕಟ್ಟಿದರು, ಈ ಸಲ 15 ಬಳಕೆದಾರರಿಗೆ. ಹಳೆಯ ಎರಡು ಸಾಲುಗಳನ್ನು ಹಾಗೇ ಬಿಟ್ಟು ಹೊಸ ಸಾಲು ಬರೆದೆ, ಶುರುವಿನ ದಿನ ಮಾರ್ಚ್ 12. ತಿಂಗಳ ಕೊನೆಗೆ 10 ಬಳಕೆದಾರರ ಹಳೆಯ ಸಾಲು 11 ದಿನಕ್ಕೆ ಕೊನೆಯ 1,100 ಆದಾಯಕ್ಕೆ ಕೊಟ್ಟಿತು. ಬಾಕಿ 0.00.