ಮುರಕಲ್ಲಿನ ನೆಲದಲ್ಲಿ ಕೇಬಲ್ ಹೂಳುವ ಮೊದಲು ಆಂಪಿಯರ್ ಲೆಕ್ಕ

ಕ್ಯಾಟಲಾಗಿನಲ್ಲಿ 25 ಚದರ ಮಿಲಿಮೀಟರ್ ಅಲ್ಯೂಮಿನಿಯಂ ತಂತಿಯ ಪಿವಿಸಿ ಆರ್ಮರ್ಡ್ ಕೇಬಲ್ಲಿಗೆ ನೆಲದಡಿ 76 ಆಂಪಿಯರ್ ಎಂದಿದೆ. ನಮ್ಮ ಲೋಡು ಶೆಡ್ಡಿಗೆ 55. ಧಾರಾಳ ಸಾಕು ಎಂದು ಮೂರು ಶೆಡ್ಡಿಗೆ ಮೂರು ಕೇಬಲ್ ತಂದು ಒಂದೇ ಕಣಿಯಲ್ಲಿ ಒತ್ತೊತ್ತಾಗಿ ಹಾಕಿ ಮುಚ್ಚುತ್ತಾರೆ. ಕಾಸರಗೋಡಿನ ಪದವುಗಳಲ್ಲಿ ಏಪ್ರಿಲ್ ಬಂದಾಗ ಕೇಬಲ್ ಸುಡುವುದಕ್ಕೆ ಈ ಲೆಕ್ಕವೇ ಕಾರಣ. ಗೇರುಬೀಜ ಸಂಸ್ಕರಣೆಯ ಮೂರು ಶೆಡ್ಡುಗಳನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳೋಣ.

ಹಂತ 1: ಕೋಷ್ಟಕದ ಅಡಿಬರಹ ಓದಿ. ನಮ್ಮ ಭಾರತೀಯ ಮಾನಕ ಐಎಸ್ 3961 ಪ್ರಕಾರ 76 ಆಂಪಿಯರ್ ಸಿಗುವುದು ನೆಲದ ಉಷ್ಣತೆ 30 ಡಿಗ್ರಿ, ಮಣ್ಣಿನ ಶಾಖ ತಡೆ ವ್ಯಾಟಿಗೆ 150 ಡಿಗ್ರಿ-ಸೆಂಟಿಮೀಟರ್, ಕಣಿಯಲ್ಲಿ ಒಂದೇ ಕೇಬಲ್ ಇದ್ದಾಗ. ವಿದೇಶಿ ಕೋಷ್ಟಕಗಳು ಬೇರೆ ಉಷ್ಣತೆ, ಬೇರೆ ಮಣ್ಣಿನಿಂದ ಶುರುವಾಗುತ್ತವೆ. ಒಂದರ ಆಂಪಿಯರನ್ನು ಇನ್ನೊಂದರ ಉಷ್ಣತೆ, ಮಣ್ಣಿನ ಗುಣಕಗಳಿಗೆ ಜೋಡಿಸಬೇಡಿ.

ಹಂತ 2: ಆಂಪಿಯರನ್ನು ತಗ್ಗಿಸುವ ಗುಣಕಗಳನ್ನು ಗುಣಿಸಿ. ಬೇಸಗೆಯಲ್ಲಿ ನೆಲ 35 ಡಿಗ್ರಿ ಎಂದಿಟ್ಟರೆ ಪಿವಿಸಿ ಕೇಬಲ್ಲಿಗೆ 0.94. ಒಣಗಿದ ಮಣ್ಣಿನ ತಡೆ 200 ಎಂದು ಹಿಡಿದರೆ ಸುಮಾರು 0.9. ಮೂರು ಕೇಬಲ್ ತಾಗಿಕೊಂಡಿದ್ದರೆ 0.65. ಮೂರರಲ್ಲಿ ಚಿಕ್ಕದನ್ನು ಮಾತ್ರ ತೆಗೆದುಕೊಂಡು ಕೈತೊಳೆದುಕೊಳ್ಳುವವರಿದ್ದಾರೆ, ಅದು ತಪ್ಪು. ಮೂರನ್ನೂ ಗುಣಿಸಿದರೆ 0.55, ಅಂದರೆ 76ರಲ್ಲಿ ಉಳಿಯುವುದು 42 ಆಂಪಿಯರ್.

ಅದರಲ್ಲಿ 55 ಹರಿಸಿದರೆ ಏನಾಗುತ್ತದೆ? ಬಿಸಿ ಏರುವುದು ಕರೆಂಟಿನ ವರ್ಗಕ್ಕೆ ತಕ್ಕಂತೆ. 42 ಆಂಪಿಯರಿಗೆ ತಂತಿ ನೆಲಕ್ಕಿಂತ 35 ಡಿಗ್ರಿ ಬಿಸಿಯಾಗಿ 70ಕ್ಕೆ ನಿಲ್ಲುತ್ತದೆ, ಪಿವಿಸಿಯ ಮಿತಿಯೂ ಅಷ್ಟೇ. 55ಕ್ಕೆ ಸುಮಾರು 60 ಡಿಗ್ರಿ ಏರಿ 95 ಮುಟ್ಟುತ್ತದೆ. 60ಕ್ಕೆ ಸೆಟ್ ಮಾಡಿದ ಎಂಸಿಸಿಬಿಗೆ ಇದು ಗೊತ್ತೇ ಆಗುವುದಿಲ್ಲ. ಅದು ಟ್ರಿಪ್ ಆಗಲಿಲ್ಲವೆಂದು ಕೇಬಲ್ ಕ್ಷೇಮ ಎಂದುಕೊಳ್ಳಬೇಡಿ.

ಹಂತ 3: ಎಡೆ ಬಿಡಿ. ಕೇಬಲ್ಲುಗಳ ನಡುವೆ 25 ಸೆಂಟಿಮೀಟರ್ ಎಡೆ ಬಿಟ್ಟರೆ 0.65 ಹೋಗಿ 0.80 ಆಗುತ್ತದೆ. ಒಟ್ಟು ಗುಣಕ 0.68. ಆಗ 35 ಚದರ ಮಿಲಿಮೀಟರಿನ ಕೇಬಲ್ (ನೆಲದಡಿ 92) 62 ಆಂಪಿಯರ್ ಹೊರುತ್ತದೆ, ಕೆಲಸ ಮುಗಿಯಿತು. ತಾಗಿಸಿಯೇ ಹಾಕುತ್ತೇನೆ ಎಂದರೆ 50 ಚದರ ಮಿಲಿಮೀಟರಿಗೆ ಹೋಗಬೇಕು. ಮುರಕಲ್ಲು ಕಡಿಯುವವರ ಕೂಲಿಯನ್ನೂ ಕೇಬಲ್ ದರವನ್ನೂ ಎದುರುಬದುರು ಇಟ್ಟು ನೋಡಿ. ಓಟ ನೂರು ಮೀಟರ್ ದಾಟಿದರೆ ಕಣಿ ಅಗಲ ಮಾಡುವುದನ್ನೇ ನಾವು ಹೇಳುವುದು. ಲೋಡಿಲ್ಲದೆ ಬಿದ್ದಿರುವ ಸ್ಪೇರ್ ಕೇಬಲ್ ಲೆಕ್ಕಕ್ಕೆ ಬೇಡ.

ಹಂತ 4: ಕಣಿ ತುಂಬುವುದು. ಮೇಲಿನ ಲೆಕ್ಕವೆಲ್ಲ ಕೆಡುವುದು ಇಲ್ಲಿ. ಕಡಿದ ಮುರಕಲ್ಲಿನ ಹೆಂಟೆಗಳನ್ನೇ ವಾಪಸು ತಳ್ಳಿದರೆ ಸಂದುಗಳಲ್ಲಿ ಗಾಳಿ ಉಳಿಯುತ್ತದೆ. ಗಾಳಿ ಶಾಖವನ್ನು ದಾಟಗೊಡುವುದಿಲ್ಲ. ಬರಿ ಹೊಯ್ಗೆ ತುಂಬಿದರೂ ಮೋಸವೇ: ಒಂದೇ ಗಾತ್ರದ ಕಣಗಳಿಂದ ನೀರು ಬೇಗ ಬಸಿದುಹೋಗಿ, ಒಣಗಿದಾಗ ಅದರ ತಡೆ 300ಕ್ಕೂ ಏರಬಹುದು. ಕಡಲ ಹೊಯ್ಗೆಯಾದರೆ ಉಪ್ಪು ಆರ್ಮರನ್ನೂ ತಿನ್ನುತ್ತದೆ. ಮೇಲಾಗಿ ಕೇಬಲ್ಲಿನ ಬಿಸಿಯೇ ಸುತ್ತಲ ತೇವವನ್ನು ಓಡಿಸುತ್ತದೆ. ತೇವ ಹೋದಂತೆ ತಡೆ ಏರುತ್ತದೆ, ತಡೆ ಏರಿದಂತೆ ಕೇಬಲ್ ಇನ್ನೂ ಬಿಸಿಯಾಗುತ್ತದೆ. ಮಳೆಗಾಲದಲ್ಲಿ ಅಳೆದ ಮಣ್ಣಿನ ತಡೆಯನ್ನು ನಂಬಬಾರದು ಎನ್ನುವುದು ಇದಕ್ಕೇ.

ಸರಿಯಾದ ಕ್ರಮ ಇಷ್ಟು: ಕೇಬಲ್ ಮುಕ್ಕಾಲು ಮೀಟರ್ ಆಳದಲ್ಲಿ ಇರಲಿ. ಕಲ್ಲಿಲ್ಲದಂತೆ ಜರಡಿ ಹಿಡಿದ ಕೆಂಪು ಮಣ್ಣಿಗೆ ದಪ್ಪ, ಸಣ್ಣ ಎರಡೂ ಕಣಗಳಿರುವ ಎಂ ಸ್ಯಾಂಡ್ ಬೆರೆಸಿ, ಕೇಬಲ್ಲಿನ ಕೆಳಗೆ 8 ಸೆಂಟಿಮೀಟರ್, ಮೇಲೆ 15 ಸೆಂಟಿಮೀಟರ್ ಹಾಕಿ. ನೀರು ಚಿಮುಕಿಸಿ ತೆಳು ಪದರಗಳಲ್ಲಿ ದಮ್ಮಸ್ಸು ಮಾಡಿ. ಬಂಡೆಯಂಥ ಪದವಿನಲ್ಲಿ 14 ಪಾಲು ಮರಳಿಗೆ 1 ಪಾಲು ಸಿಮೆಂಟ್ ಬೆರೆಸಿ ದಮ್ಮಸ್ಸು ಮಾಡಿದ ತುಂಬು ಉತ್ತಮ. ಅದು ಪೂರ್ತಿ ಒಣಗಿದರೂ ತಡೆ 120ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಅದರ ಮೇಲೆ ಹಂಚು ಅಥವಾ ಇಟ್ಟಿಗೆ, ಎಚ್ಚರಿಕೆ ಟೇಪು, ಉಳಿದ ಮಣ್ಣು.

ಕಲ್ಲು ತಾಗದಿರಲಿ ಎಂದು ಉದ್ದಕ್ಕೂ ಪೈಪು ತೂರಿಸುವ ಸುಲಭೋಪಾಯ ಬೇಡ. ಪೈಪಿನೊಳಗೆ 35ರ ಕೇಬಲ್ 92 ಅಲ್ಲ, 77 ಆಂಪಿಯರಿನದು, ಕಡಿತಗಳು ಅದರ ಮೇಲೆ. ರಸ್ತೆ ದಾಟುವಲ್ಲಿ ಮಾತ್ರ ಹಾಕಿ, ಒಂದು ಪೈಪಿಗೆ ಒಂದೇ ಕೇಬಲ್.

ಕೇಬಲ್ ತೆಗೆದುಕೊಳ್ಳುವಾಗ ಸುರುಳಿಯ ಓಮ್ ಅಳೆಸಿ. 35ರ ಅಲ್ಯೂಮಿನಿಯಂ 20 ಡಿಗ್ರಿಯಲ್ಲಿ ಕಿಲೋಮೀಟರಿಗೆ 0.868 ಓಮ್ ಮೀರಬಾರದು. ಅಗ್ಗದ ಮಾಲಿನಲ್ಲಿ ಲೋಹವೇ ಕಮ್ಮಿ ಇರುತ್ತದೆ, ಅದಕ್ಕೆ ಯಾವ ಗುಣಕವೂ ಇಲ್ಲ.

ನೆಲದಿಂದ ಎದ್ದು ತಗಡಿನ ಗೋಡೆ ಹತ್ತುವ ಕೊನೆಯ ಎರಡು ಮೀಟರನ್ನೂ ನೋಡಿ. ಇಡೀ ಓಟದ ಸಾಮರ್ಥ್ಯ ಅದರ ಅತಿ ಬಿಸಿ ತುಂಡಿನಷ್ಟೇ. ಗಾಳಿಯಲ್ಲಿ 35ರ ಕೇಬಲ್ಲಿಗೆ 40 ಡಿಗ್ರಿಗೆ 86, 50 ಡಿಗ್ರಿಗೆ 70 ಆಂಪಿಯರ್. ಅಲ್ಲಿ ಮೂರನ್ನೂ ಕಟ್ಟುಹಾಕಿ ಬಿಸಿಲಿಗೆ ಬಿಟ್ಟರೆ 55 ಕೂಡ ಉಳಿಯದು. ಬಿಡಿಬಿಡಿಯಾಗಿ ಕ್ಲಾಂಪ್ ಮಾಡಿ, ಮೇಲೊಂದು ನೆರಳಿನ ಶೀಟು ಕೊಡಿ.