ಹಳದಿ ಬಳಿದ ಪುಟ ಪರೀಕ್ಷೆಯಲ್ಲಿ ಏಕೆ ನೆನಪಾಗುವುದಿಲ್ಲ?

ಹತ್ತನೇ ತರಗತಿಯ ವಿಜ್ಞಾನ ಪುಸ್ತಕದಲ್ಲಿ ಹೃದಯ ಮತ್ತು ಇಮ್ಮಡಿ ಪರಿಚಲನೆಯ ಪಾಠವನ್ನು ಓದುವ ವಿದ್ಯಾರ್ಥಿಯ ಪುಟವನ್ನು ಗಮನಿಸಿ. ಹೃತ್ಕರ್ಣ, ಹೃತ್ಕುಕ್ಷಿ, ಮಹಾಪಧಮನಿ ಎಂಬ ಪದಗಳ ಮೇಲೆಲ್ಲ ಹೈಲೈಟರ್‌ನ ಹಳದಿ ಬಿದ್ದಿರುತ್ತದೆ. ಮೂರನೆಯ ಸಲ ಓದುವಾಗ ಸಾಲುಗಳು ಸರಾಗವಾಗಿ ಸಾಗುತ್ತವೆ, ಪಾಠ ಬಂತು ಎನಿಸುತ್ತದೆ. ಪುಸ್ತಕ ಮುಚ್ಚಿ, 'ಶ್ವಾಸಕೋಶದಿಂದ ಬಂದ ರಕ್ತ ಮೊದಲು ಯಾವ ಕೋಣೆಗೆ ಸೇರುತ್ತದೆ?' ಎಂದು ಕೇಳಿದರೆ ಅದೇ ವಿದ್ಯಾರ್ಥಿ ತಡವರಿಸುತ್ತಾನೆ.

ಕಂಡದ್ದನ್ನು ಗುರುತು ಹಿಡಿಯುವುದು ಬೇರೆ, ಕಾಣದಿರುವಾಗ ನೆನಪಿನಿಂದ ಹೊರತೆಗೆಯುವುದು ಬೇರೆ. ಮರು ಓದು ಮೊದಲನೆಯದನ್ನಷ್ಟೇ ಸುಲಭಗೊಳಿಸುತ್ತದೆ, ಆದರೆ ಆ ಸರಾಗತೆಯನ್ನೇ ನಾವು ಕಲಿಕೆಯೆಂದು ತಿಳಿಯುತ್ತೇವೆ. ಹೈಲೈಟರ್ ಈ ಭ್ರಮೆಯನ್ನು ಇನ್ನಷ್ಟು ಗಟ್ಟಿ ಮಾಡುತ್ತದೆ. ಕೈ ಓಡುತ್ತದೆ, ಪುಟದ ಮೇಲೆ ಕೆಲಸ ಕಾಣುತ್ತದೆ, ಆದರೆ 'ಇದು ಮುಖ್ಯ' ಎಂಬ ಚಿಕ್ಕ ತೀರ್ಮಾನದ ಹೊರತು ಮನಸ್ಸಿಗೆ ಬೇರೆ ಶ್ರಮ ಬಿದ್ದಿರುವುದಿಲ್ಲ. ಅರ್ಧ ಪುಟಕ್ಕೆ ಬಣ್ಣ ಬಿದ್ದಿದ್ದರೆ ಆ ತೀರ್ಮಾನವೂ ಆಗಿಲ್ಲವೆಂದೇ ಲೆಕ್ಕ.

2006ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕಿ ಪ್ರಕಟಿಸಿದ ಪ್ರಯೋಗ ಇದನ್ನು ಸ್ಪಷ್ಟವಾಗಿ ತೋರಿಸಿತು. ಒಂದು ಗುಂಪು ಕಿರು ಗದ್ಯಭಾಗವನ್ನು ನಾಲ್ಕು ಅವಧಿಗಳಲ್ಲೂ ಓದಿತು. ಇನ್ನೊಂದು ಗುಂಪು ಮೊದಲ ಅವಧಿಯಲ್ಲಿ ಮಾತ್ರ ಓದಿ, ಉಳಿದ ಮೂರರಲ್ಲಿ ಗದ್ಯಭಾಗವನ್ನು ನೋಡದೆ ನೆನಪಿದ್ದಷ್ಟನ್ನು ಬರೆಯಿತು. ಐದು ನಿಮಿಷದ ನಂತರ ಪರೀಕ್ಷಿಸಿದಾಗ ಓದಿದವರೇ ಮುಂದಿದ್ದರು. ಒಂದು ವಾರದ ನಂತರ ಓದಿದವರಿಗೆ ನೆನಪಿದ್ದದ್ದು ಸುಮಾರು ಶೇ 40, ಬರೆದವರಿಗೆ ಸುಮಾರು ಶೇ 61. ಸ್ವಾರಸ್ಯವೆಂದರೆ, ತಮಗೆ ಚೆನ್ನಾಗಿ ನೆನಪಿರುತ್ತದೆ ಎಂಬ ವಿಶ್ವಾಸ ಹೆಚ್ಚಾಗಿ ಇದ್ದದ್ದು ಬರೀ ಓದಿದ ಗುಂಪಿಗೆ. ಪರೀಕ್ಷೆಯ ಹಿಂದಿನ ರಾತ್ರಿಯ ಓದು ಅನೇಕರಿಗೆ ಮರುದಿನ ಕೈಹಿಡಿಯುವುದೂ, ತಿಂಗಳೊಳಗೆ ಮಾಯವಾಗುವುದೂ ಇದೇ ಕಾರಣಕ್ಕಿರಬಹುದು.

ಇನ್ನು ಮಾಡುವ ಕ್ರಮ. ಪಾಠದ ಒಂದು ಉಪಶೀರ್ಷಿಕೆಯಷ್ಟು ಭಾಗವನ್ನು, ಪೆನ್ನು ಹಿಡಿಯದೆ, ಅರ್ಥವಾಗುವವರೆಗೆ ಓದಿ. ಅರ್ಥವಾಗದ್ದನ್ನು ನೆನಪಿಸಿಕೊಳ್ಳಲು ಹೊರಡುವುದು ವ್ಯರ್ಥವಾದ್ದರಿಂದ ಇಲ್ಲಿ ಅವಸರ ಬೇಡ. ನಂತರ ಪುಸ್ತಕ ಮುಚ್ಚಿ, ಖಾಲಿ ಹಾಳೆಯ ಮೇಲೆ ರಕ್ತದ ದಾರಿಯನ್ನು ಬಾಣಗಳಿಂದ ಬರೆಯಿರಿ: ದೇಹದಿಂದ ಬಲ ಹೃತ್ಕರ್ಣ, ಬಲ ಹೃತ್ಕುಕ್ಷಿ, ಶ್ವಾಸಕೋಶ, ಎಡ ಹೃತ್ಕರ್ಣ, ಎಡ ಹೃತ್ಕುಕ್ಷಿ, ಮಹಾಪಧಮನಿ, ಮತ್ತೆ ದೇಹ. ನಡುವೆ ಸಿಕ್ಕಿಕೊಂಡರೆ ತಕ್ಷಣ ಪುಸ್ತಕ ತೆರೆಯಬೇಡಿ. ಒಂದು ನಿಮಿಷ ಒದ್ದಾಡಿ, ಊಹಿಸಿಯಾದರೂ ಬರೆಯಿರಿ. ಈ ಒದ್ದಾಟದಲ್ಲೇ ಕಲಿಕೆ ನಡೆಯುತ್ತಿರುತ್ತದೆ.

ಆಮೇಲೆ ಪುಸ್ತಕ ತೆರೆದು ಕೆಂಪು ಪೆನ್ನಿನಿಂದ ತಿದ್ದಿ. ಈ ಹಂತವನ್ನು ಬಿಟ್ಟರೆ ತಪ್ಪು ಉತ್ತರವೇ ಮನಸ್ಸಿನಲ್ಲಿ ನೆಲೆಯೂರುವ ಅಪಾಯವಿದೆ. ಅನೇಕರು ಇಲ್ಲಿ ಮಾಡುವ ತಪ್ಪು ಒಂದೇ: ಅಪಧಮನಿಯೆಂದರೆ ಆಮ್ಲಜನಕಯುಕ್ತ ರಕ್ತವನ್ನು ಒಯ್ಯುವ ನಾಳವೆಂದು ನಂಬಿ, ಬಲ ಹೃತ್ಕುಕ್ಷಿಯಿಂದ ಶ್ವಾಸಕೋಶಕ್ಕೆ ಹೋಗುವ ನಾಳವನ್ನು ಅಭಿಧಮನಿಯೆಂದು ಬರೆಯುವುದು. ಹೃದಯದಿಂದ ಹೊರಗೆ ಒಯ್ಯುವುದೆಲ್ಲವೂ ಅಪಧಮನಿಯೇ, ಹಾಗಾಗಿ ಇಲ್ಲಿ ಅಪಧಮನಿಯಲ್ಲಿ ಹರಿಯುವುದು ಆಮ್ಲಜನಕ ಕಡಿಮೆಯಿರುವ ರಕ್ತ. ಹತ್ತು ಸಲ ಓದಿದರೂ ಕಣ್ಣಿಗೆ ಬೀಳದ ಈ ಗೊಂದಲ, ಒಮ್ಮೆ ನೋಡದೆ ಬರೆದಾಗ ಹೊರಬೀಳುತ್ತದೆ.

ತಪ್ಪಿದ ಜಾಗಗಳನ್ನು ಪ್ರಶ್ನೆಗಳಾಗಿಸಿ ನೋಟ್‌ಬುಕ್‌ನ ಒಂದು ಬದಿಯಲ್ಲಿ ಬರೆದು, ಉತ್ತರವನ್ನು ಹಾಳೆಯ ಹಿಂಬದಿಗೆ ಹಾಕಿ. ಬರೀ ಹೆಸರು ಕೇಳುವ ಪ್ರಶ್ನೆಗಳು ಸಾಲವು. 'ಎಡ ಹೃತ್ಕುಕ್ಷಿಯ ಗೋಡೆ ಬಲಭಾಗದ್ದಕ್ಕಿಂತ ದಪ್ಪವೇಕೆ?' ಎಂಬಂಥವೂ ಇರಲಿ. ಇಡೀ ದೇಹಕ್ಕೆ ರಕ್ತವನ್ನು ತಳ್ಳಲು ಹೆಚ್ಚು ಒತ್ತಡ ಬೇಕೆಂದು ಸ್ವಂತ ಮಾತಿನಲ್ಲಿ ಹೇಳಲು ಬಂದರೆ ಪಾಠ ಬಾಯಿಪಾಠದಾಚೆಗೆ ಹೋಗಿದೆಯೆಂದು ತಿಳಿಯಬಹುದು. ಮರುದಿನ, ಮೂರ್ನಾಲ್ಕು ದಿನ ಬಿಟ್ಟು, ಮತ್ತೆ ವಾರದ ನಂತರ ಅವೇ ಪ್ರಶ್ನೆಗಳಿಗೆ ಉತ್ತರಿಸಿ. ದಿನಗಳ ಲೆಕ್ಕ ಒಂದೆರಡು ಆಚೀಚೆಯಾದರೆ ತೊಂದರೆಯಿಲ್ಲ. ಉತ್ತರ ನೋಡಿದ ಮೇಲೆ 'ಇದು ನನಗೆ ಗೊತ್ತಿತ್ತು' ಎಂದುಕೊಂಡು ಸರಿ ಗುರುತು ಹಾಕುವ ಅಭ್ಯಾಸ ಮಾತ್ರ ಬೇಡ. ಬರೆದಿರದಿದ್ದರೆ ಅದು ಗೊತ್ತಿರಲಿಲ್ಲ, ಅಷ್ಟೇ.

ಗಣಿತಕ್ಕೆ ಈ ಕ್ರಮ ಹೀಗೆಯೇ ಹೊಂದದು. ಅಲ್ಲಿ ಬಿಡಿಸಿದ ಲೆಕ್ಕವನ್ನು ಮುಚ್ಚಿಟ್ಟು, ಸಂಖ್ಯೆಗಳನ್ನು ಬದಲಿಸಿ ತಾನೇ ಬಿಡಿಸಬೇಕು.

ಹೈಲೈಟರ್ ಎಸೆಯಬೇಕಾಗಿಲ್ಲ, ಅದರ ಸರದಿ ಬದಲಾದರೆ ಸಾಕು. ಹಾಳೆ ತಿದ್ದಿದ ನಂತರ, ನೆನಪಿಗೆ ಬಾರದಿದ್ದ ಸಾಲುಗಳಿಗೆ ಮಾತ್ರ ಬಣ್ಣ ಹಚ್ಚಿ. ಇಡೀ ಪಾಠಕ್ಕೆ ಅಂಥವು ಮೂರೋ ನಾಲ್ಕೋ ಸಿಗಬಹುದು, ಮುಂದಿನ ಸಲ ಕೂತಾಗ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಅವೇ.